ಸಾಂದ್ರತೆ ಕೊಟ್ಟಿದ್ದಾರೆ ಅಂತ ಬಳಸಲೇಬೇಕಾ?

“ಸಂಪಾದಕರಿಗೆ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆದು ಕಳಿಸಿದ್ದೇನೆ. ತೂಕದಲ್ಲಿ ಶೇ. 36 ಇರುವ, ಸಾಂದ್ರತೆ 1.18 ಇರುವ ಹೈಡ್ರೋಕ್ಲೋರಿಕ್ ಆಮ್ಲದ ಮೋಲಾಲಿಟಿಯನ್ನೂ ಮೋಲ್ ಫ್ರಾಕ್ಷನ್ನನ್ನೂ ಸಾಂದ್ರತೆಯ ಸಹಾಯದಿಂದ ಕಂಡುಹಿಡಿಯುವ ಲೆಕ್ಕ ಅದರಲ್ಲಿದೆ. ಮೋಲಾಲಿಟಿ 9.8738, ಮೋಲ್ ಫ್ರಾಕ್ಷನ್ 0.151 ಬಂದಿದೆ. ಪ್ರಕಟಿಸಬಹುದೇ? ತಪ್ಪಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ.”

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಎರಡೂ ಉತ್ತರ ತಪ್ಪಾಗಿವೆ. ಭಾಷೆ ಸಲೀಸಾಗಿದೆ, ಆದ್ದರಿಂದ ಓದುವವರು ತಪ್ಪನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾರೆ.

ಲೆಕ್ಕ ಎಲ್ಲಿ ದಾರಿ ತಪ್ಪಿತು ನೋಡೋಣ. ನೀವು ಒಂದು ಲೀಟರ್ ದ್ರಾವಣ ತೆಗೆದುಕೊಂಡಿರಿ. ಅದರ ತೂಕ 1180 ಗ್ರಾಂ, ಸರಿ. ಅದರಲ್ಲಿ ಶೇ. 36 ಅಂದರೆ 424.8 ಗ್ರಾಂ ಆಮ್ಲ, ಅದೂ ಸರಿ. ಅದನ್ನು 36.46ರಿಂದ ಭಾಗಿಸಿ 11.65 ಮೋಲ್ ಅಂದಿರಿ. ಇಲ್ಲಿಯವರೆಗೂ ತಕರಾರಿಲ್ಲ. ಆಮೇಲೆ ಆ ಮೋಲನ್ನು 1.18 ಕೆ.ಜಿ.ಯಿಂದ ಭಾಗಿಸಿದಿರಿ. ಮೋಲಾಲಿಟಿಗೆ ಬೇಕಾದದ್ದು ದ್ರಾವಕದ ತೂಕ, ಅಂದರೆ ಬರೀ ನೀರಿನ ತೂಕ. 1180ರಲ್ಲಿ ಆಮ್ಲದ 424.8 ಕಳೆದರೆ ನೀರು ಉಳಿಯುವುದು 755.2 ಗ್ರಾಂ. 11.65ನ್ನು 0.7552ರಿಂದ ಭಾಗಿಸಿದರೆ 15.4 ಬರುತ್ತದೆ. ಮೋಲ್ ಫ್ರಾಕ್ಷನ್ನಿನಲ್ಲೂ ಇದೇ ಆಗಿದೆ. 1180 ಗ್ರಾಂ ಪೂರ್ತಿ ನೀರೇ ಅಂದುಕೊಂಡು 18.02ರಿಂದ ಭಾಗಿಸಿದ್ದೀರಿ. ಆಮ್ಲವನ್ನು ಒಮ್ಮೆ ಆಮ್ಲವಾಗಿ, ಇನ್ನೊಮ್ಮೆ ನೀರಾಗಿ ಎಣಿಸಿದ ಹಾಗಾಯಿತು.

ಆದರೆ ನನಗೆ ಇದಕ್ಕಿಂತ ಜಾಸ್ತಿ ಕಸಿವಿಸಿ ಮಾಡಿದ್ದು ನಿಮ್ಮ ಎರಡನೇ ಪ್ಯಾರಾದ ಒಂದು ಮಾತು: ಸಾಂದ್ರತೆ ಗೊತ್ತಿಲ್ಲದೆ ಮೋಲಾಲಿಟಿ ಕಂಡುಹಿಡಿಯಲಾಗದು ಎಂಬುದು. ಮಕ್ಕಳ ತಲೆಯಲ್ಲಿ ಒಮ್ಮೆ ಕೂತರೆ ಇದನ್ನು ಕಿತ್ತುಹಾಕುವುದು ಕಷ್ಟ. ತೂಕದ ಶೇಕಡಾ ಕೊಟ್ಟಿದ್ದರೆ ಈ ಎರಡು ಲೆಕ್ಕಕ್ಕೂ ಸಾಂದ್ರತೆ ಬೇಕೇ ಇಲ್ಲ. ಲೀಟರ್ ಬಿಡಿ, 100 ಗ್ರಾಂ ದ್ರಾವಣ ತೆಗೆದುಕೊಳ್ಳಿ. ಆಮ್ಲ 36 ಗ್ರಾಂ, ನೀರು 64 ಗ್ರಾಂ. ಆಮ್ಲ 0.987 ಮೋಲ್. ಅದನ್ನು 0.064 ಕೆ.ಜಿ.ಯಿಂದ ಭಾಗಿಸಿ, ಅದೇ 15.4. ನೀರು 64ನ್ನು 18.02ರಿಂದ ಭಾಗಿಸಿದರೆ 3.55 ಮೋಲ್. ಎರಡೂ ಸೇರಿ 4.54. ಹಾಗಾಗಿ ಆಮ್ಲದ ಮೋಲ್ ಫ್ರಾಕ್ಷನ್ 0.2175, ನೀರಿನದು 0.7825. ಮುಗಿಯಿತು. 1.18 ಎಲ್ಲೂ ಬರಲಿಲ್ಲ.

ನಿಮ್ಮ ದಾರಿಯಲ್ಲಿ ಅದು ಬಂದರೂ ಉಳಿಯುವುದಿಲ್ಲ. ಒಮ್ಮೆ 1180ರಿಂದ ಗುಣಿಸಿದಿರಿ, ಕೊನೆಗೆ 1.18ರಿಂದ ಭಾಗಿಸಿದಿರಿ. ಸಾಂದ್ರತೆಯನ್ನು ಸುಮ್ನೆ 1.30 ಅಂತ ಬದಲಿಸಿ ಲೆಕ್ಕ ಪುನಃ ಮಾಡಿ ನೋಡಿ. ನಿಮ್ಮ ತಪ್ಪು ಉತ್ತರವೂ ಬದಲಾಗುವುದಿಲ್ಲ, ಸರಿ ಉತ್ತರವೂ ಬದಲಾಗುವುದಿಲ್ಲ. ಈ ಪ್ರಯೋಗವನ್ನೇ ಲೇಖನಕ್ಕೆ ಹಾಕಿದರೆ ಒಂದು ಪುಟದ ವಿವರಣೆ ಬೇಕಾಗುವುದಿಲ್ಲ. ಸಾಂದ್ರತೆ ಬೇಕಾಗುವುದು ಮೋಲಾರಿಟಿಗೆ. ಅಲ್ಲಿ ಗಾತ್ರ ಬರುತ್ತದಲ್ವಾ? ನಿಮ್ಮ 11.65 ಮೋಲಾರಿಟಿಯೇ. ಪ್ರಶ್ನೆಪತ್ರಿಕೆಯಲ್ಲಿ ಹಲವು ಸಲ ಮೂರನ್ನೂ ಒಟ್ಟಿಗೆ ಕೇಳುತ್ತಾರೆ, ಅದಕ್ಕೇ ಸಾಂದ್ರತೆಯನ್ನೂ ಕೊಟ್ಟಿರುತ್ತಾರೆ. ಬಿಸಿಲಿನ ದಿನ ಮೋಲಾಲಿಟಿ ಕಡಿಮೆಯಾಗುತ್ತದೆ ಎಂಬ ನಿಮ್ಮ ಸಾಲನ್ನೂ ಈ ಕಾರಣಕ್ಕೇ ತೆಗೆಯಿರಿ. ಬಿಸಿಗೆ ಹಿಗ್ಗುವುದು ಗಾತ್ರ, ತೂಕವಲ್ಲ. ಕಡಿಮೆಯಾಗುವುದು ಮೋಲಾರಿಟಿ.

ಸಾಂದ್ರತೆ ಬೇಡ ಎಂಬುದಕ್ಕೆ ಒಂದು ಷರತ್ತು ಇದೆ, ಅದನ್ನು ನೀವು ಹೇಳಲೇಬೇಕು. ಶೇಕಡಾ ಯಾವುದರದ್ದು ಅಂತ ನೋಡಿಕೊಳ್ಳಬೇಕು. ಆಸ್ಪತ್ರೆಯ ಶೇ. 5 ಗ್ಲೂಕೋಸ್ ಡ್ರಿಪ್ ಅಂದರೆ 100 ಮಿ.ಲೀ. ದ್ರಾವಣದಲ್ಲಿ 5 ಗ್ರಾಂ. ಅದು ತೂಕಕ್ಕೆ ತೂಕದ ಶೇಕಡಾ ಅಲ್ಲ. ಅಂಥ ಕಡೆ ನೀರಿನ ತೂಕ ತಿಳಿಯಲು ಆ 100 ಮಿ.ಲೀ. ಎಷ್ಟು ತೂಗುತ್ತದೆ ಅಂತ ಗೊತ್ತಿರಬೇಕು, ಆಗ ಸಾಂದ್ರತೆ ನಿಜಕ್ಕೂ ಬೇಕು.

ಉತ್ತರ ತಪ್ಪಿದೆ ಅಂತ ನಿಮಗೇ ಅನುಮಾನ ಬರಬೇಕಿತ್ತು. ಮೋಲಾರಿಟಿ 11.65, ಮೋಲಾಲಿಟಿ 9.87 ಅಂತ ಪಕ್ಕಪಕ್ಕದಲ್ಲೇ ಬರೆದಿದ್ದೀರಿ. ಈ ಆಮ್ಲದ ಒಂದು ಲೀಟರಿನಲ್ಲಿ ನೀರು 755 ಗ್ರಾಂ, ಒಂದು ಕೆ.ಜಿ.ಗಿಂತ ಕಡಿಮೆ. ಅದೇ ಮೋಲ್‌ಗಳನ್ನು ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಭಾಗಿಸಿದರೆ ಮೋಲಾಲಿಟಿ ದೊಡ್ಡದಾಗಲೇಬೇಕು. ಇನ್ನೂ ಗಟ್ಟಿಯಾದ ಪರೀಕ್ಷೆ ಅಂದರೆ ಹಿಂದಕ್ಕೆ ಹೋಗುವುದು. ಮೋಲಾಲಿಟಿ 9.874 ಅಂದರೆ 1000 ಗ್ರಾಂ ನೀರಿಗೆ 360 ಗ್ರಾಂ ಆಮ್ಲ. ಒಟ್ಟು 1360ರಲ್ಲಿ 360 ಅಂದರೆ ಶೇ. 26.5. ನಿಮ್ಮ 0.151ರಿಂದ ಹೊರಟರೂ ಶೇ. 26.5 ಹತ್ತಿರವೇ ಬರುತ್ತದೆ. ಬಾಟಲಿ ಮೇಲೆ 36 ಇತ್ತು. ಅಂದರೆ ನೀವು ಬಿಡಿಸಿದ್ದು ಬೇರೆ ಯಾವುದೋ ದ್ರಾವಣದ ಲೆಕ್ಕ.

ಈ ತಪ್ಪು ತರಗತಿಯಲ್ಲಿ ಯಾಕೆ ಬೇಗ ಸಿಕ್ಕಿಬೀಳುವುದಿಲ್ಲ ಎಂಬುದೂ ಬರೆಯಲು ಯೋಗ್ಯವಾದ ವಿಷಯ. ಶೇ. 1ರ ಆಮ್ಲದಲ್ಲಿ ಮೋಲಾಲಿಟಿಯ ಸರಿ ಉತ್ತರ 0.277, ನಿಮ್ಮ ದಾರಿಯಲ್ಲಿ 0.274. ಯಾರೂ ಗಮನಿಸುವುದಿಲ್ಲ. ಮೋಲಾಲಿಟಿಯ ತಪ್ಪು ಉತ್ತರ ಯಾವಾಗಲೂ ಸರಿ ಉತ್ತರವನ್ನು ನೀರಿನ ಪಾಲಿನಿಂದ ಗುಣಿಸಿದಷ್ಟಿರುತ್ತದೆ. ಶೇ. 36ರ ಆಮ್ಲದಲ್ಲಿ ನೀರಿನ ಪಾಲು 0.64, ಅದಕ್ಕೇ 15.4 ಇಳಿದು 9.87 ಆಯಿತು.

ಇನ್ನು ಆ ನಾಲ್ಕು ದಶಮಾಂಶ. ಪ್ರಯೋಗಾಲಯದ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 35–38 ಅಂತ ಒಂದು ವ್ಯಾಪ್ತಿ ಇರುತ್ತದೆ. 35ಕ್ಕೆ ಮೋಲಾಲಿಟಿ 14.8, 38ಕ್ಕೆ 16.8. ಬಾಟಲಿಯೇ ಇಷ್ಟು ಸಡಿಲವಾಗಿರುವಾಗ 9.8738 ಅಂತ ಬರೆಯುವುದು ಬರೀ ಕ್ಯಾಲ್ಕುಲೇಟರಿನ ಗತ್ತು.

ಪೀಠಿಕೆಯ ಎರಡು ಪುಟ ತೆಗೆದುಹಾಕಿ. ಆ ಜಾಗದಲ್ಲಿ ಶೇ. 98ರ ಸಲ್ಫ್ಯೂರಿಕ್ ಆಮ್ಲದ ಲೆಕ್ಕ ಸೇರಿಸಿ. 100 ಗ್ರಾಂನಲ್ಲಿ ಆಮ್ಲ ಹತ್ತಿರಹತ್ತಿರ ಒಂದು ಮೋಲ್, ನೀರು ಬರೀ 2 ಗ್ರಾಂ. ಮೋಲಾಲಿಟಿ ಸುಮಾರು 500! ಶೇಕಡಾ 97ಕ್ಕೆ ಇಳಿದರೆ ಮೋಲಾಲಿಟಿ 330ಕ್ಕೆ ಕುಸಿಯುತ್ತದೆ. ಮೋಲ್ ಫ್ರಾಕ್ಷನ್ ಮಾತ್ರ 0.90ರಿಂದ 0.86ಕ್ಕೆ ಬಂದು ನಿಲ್ಲುತ್ತದೆ. ನೀರನ್ನು ದ್ರಾವಕ ಅಂತ ಕರೆಯುವುದೇ ಅಲ್ಲಿ ಹೆಸರಿಗೆ ಮಾತ್ರ. ಅಷ್ಟು ಗಾಢವಾದ ಕಡೆ ಎರಡರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಮಕ್ಕಳೇ ನೋಡಲಿ. ತಿದ್ದಿದ ಪ್ರತಿ ಮೂರು ಪುಟ ಮೀರದಿರಲಿ. ಪ್ರತಿ ಲೆಕ್ಕದ ಕೆಳಗೆ ಹಿಂದಕ್ಕೆ ಹೋಗಿ ಶೇಕಡಾ ತೆಗೆದ ಸಾಲೂ ಇರಲಿ, ನಾನು ಮೊದಲು ಅದನ್ನೇ ನೋಡುತ್ತೇನೆ.