ಸಿಸಿ ಲಿಮಿಟ್ ಜಾಸ್ತಿ ಕೇಳುವ ಮೊದಲು ಡಿಪಿ ಲೆಕ್ಕ ನೋಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ಇದೆ. ಹೈಡ್ರಾಲಿಕ್ ಬಿಡಿಭಾಗ ಮಾಡುತ್ತೇವೆ. ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಲಿಮಿಟ್ 20 ಲಕ್ಷ, ಅದು ಯಾವಾಗಲೂ ತುಂಬಿರುತ್ತದೆ. ಹೋದ ವರ್ಷದ ವಹಿವಾಟು 1.40 ಕೋಟಿ. ಈ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 84 ಲಕ್ಷ ಆಗಿದೆ. ಜನವರಿಯಿಂದ ತಿಂಗಳಿಗೆ 4 ಲಕ್ಷದ ಹೊಸ ಆರ್ಡರ್ ಬರುತ್ತಿದೆ, ಪಾರ್ಟಿಗೆ 60 ದಿನ ಉದ್ರಿ ಕೊಡಬೇಕು. ಲಿಮಿಟ್ 40 ಲಕ್ಷ ಮಾಡಿ ಎಂದು ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್‌ಗೆ ಕೇಳಿದೆ. ‘ನಿಮಗೆ ಡಿಪಿ ಎಲ್ಲಿದೆ?’ ಅಂದರು. ಈಗ ಸ್ಟಾಕ್ 14 ಲಕ್ಷ, ಬರಬೇಕಾದ ಬಾಕಿ 26 ಲಕ್ಷ (ಅದರಲ್ಲಿ 6 ಲಕ್ಷ ಐದು ತಿಂಗಳ ಹಳೆಯದು), ನಾವು ಕೊಡಬೇಕಾದ್ದು 7 ಲಕ್ಷ. ಹೋದ ವರ್ಷ ಸಿಸಿ ದುಡ್ಡಿನಲ್ಲೇ 4 ಲಕ್ಷದ ಸೆಕೆಂಡ್ ಹ್ಯಾಂಡ್ ಮಷಿನ್ ತೊಗೊಂಡಿದ್ದೆ. ಹೇಗೆ ಕೇಳಬೇಕು?

ಉತ್ತರ: ಮ್ಯಾನೇಜರ್ ಕೇಳಿದ್ದು ಸರಿಯಾದ ಪ್ರಶ್ನೆ. ಸುಮ್ನೆ ತಳ್ಳಿಹಾಕಲು ಅಂದ ಮಾತಲ್ಲ ಅದು.

ಲಿಮಿಟ್ ಎಂದರೆ ಮಂಜೂರಾದ ಗರಿಷ್ಠ ಮೊತ್ತ. ಡಿಪಿ, ಅಂದರೆ ಡ್ರಾಯಿಂಗ್ ಪವರ್, ಈ ತಿಂಗಳ ಸ್ಟಾಕ್ ಮತ್ತು ಬಾಕಿ ನೋಡಿ ಬ್ಯಾಂಕ್ ತೆಗೆಯಲು ಬಿಡುವ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಿಮ್ಮ ಕೈಗೆ ಸಿಗುವುದು. ನಿಮ್ಮದೇ ಅಂಕಿ ಹಿಡಿದು ನೋಡೋಣ. 14 ಲಕ್ಷದ ಸ್ಟಾಕಿನಲ್ಲಿ 7 ಲಕ್ಷಕ್ಕೆ ನೀವಿನ್ನೂ ದುಡ್ಡು ಕೊಟ್ಟಿಲ್ಲ, ಅದನ್ನು ಕಳೆದರೆ 7 ಲಕ್ಷ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 26ರಲ್ಲಿ 20 ಲಕ್ಷ ಮಾತ್ರ ಉಳಿಯಿತು. ಒಟ್ಟು 27 ಲಕ್ಷ. ಇದರಲ್ಲಿ ಶೇ 25 ಮಾರ್ಜಿನ್, ಅಂದರೆ ನೀವೇ ಹಾಕಬೇಕಾದ ಪಾಲು, ಕಳೆದರೆ ಡಿಪಿ 20.25 ಲಕ್ಷ. ಮಾರ್ಜಿನ್ ಎಷ್ಟು, ಎಷ್ಟು ದಿನದವರೆಗಿನ ಬಾಕಿ ನಡೆಯುತ್ತದೆ ಎಂಬುದು ನಿಮ್ಮ ಮಂಜೂರಾತಿ ಪತ್ರದಲ್ಲೇ ಇರುತ್ತದೆ, ಒಮ್ಮೆ ತೆಗೆದು ನೋಡಿ.

ಈಗ ನಿಮ್ಮ ಲಿಮಿಟ್ 20. ನಾಳೆಯೇ 40 ಲಕ್ಷ ಮಂಜೂರಾದರೂ ನಿಮಗೆ ಹೆಚ್ಚಿಗೆ ಸಿಗುವುದು 25 ಸಾವಿರ ಅಷ್ಟೇ. ಪ್ರೊಸೆಸಿಂಗ್ ಫೀ ಮಾತ್ರ 40 ಲಕ್ಷದ ಮೇಲೆ ಬೀಳುತ್ತದೆ.

ಬ್ಯಾಂಕುಗಳು ಸಣ್ಣ ಉದ್ಯಮಕ್ಕೆ ಬಳಸುವ ಇನ್ನೊಂದು ಲೆಕ್ಕವೂ ಇದೆ. ಅದು ನಾಯಕ್ ಸಮಿತಿಯದು, 5 ಕೋಟಿಯವರೆಗಿನ ಲಿಮಿಟ್‌ಗೆ ನಡೆಯುತ್ತದೆ. ಮುಂದಿನ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕು ಎಂದು ಹಿಡಿದು, ಶೇ 20 ಬ್ಯಾಂಕು ಕೊಡುತ್ತದೆ, ಶೇ 5 ನೀವು ಹಾಕಬೇಕು. ಆರು ತಿಂಗಳಿಗೆ 84 ಲಕ್ಷ ಎಂದರೆ ವರ್ಷಕ್ಕೆ 1.68 ಕೋಟಿ. ಜನವರಿಯಿಂದ ಮಾರ್ಚ್‌ವರೆಗೆ ಹೊಸ ಆರ್ಡರಿನ 12 ಲಕ್ಷ ಸೇರಿಸಿದರೆ 1.80 ಕೋಟಿ. ಅದರ ಶೇ 20 ಎಂದರೆ 36 ಲಕ್ಷ. ಅಂದರೆ ನೀವು ಕೇಳಿದ 40 ಈ ಸೂತ್ರಕ್ಕೂ ದೊಡ್ಡದು.

ಹಾಗಾದರೆ ಎಷ್ಟು ಕೇಳಬೇಕು? ಆರ್ಡರನ್ನೇ ಬಿಡಿಸಿ ನೋಡಿ. ತಿಂಗಳಿಗೆ 4 ಲಕ್ಷ, 60 ದಿನ ಉದ್ರಿ, ಅಲ್ಲಿಗೆ 8 ಲಕ್ಷ ಸದಾ ಪಾರ್ಟಿಯ ಹತ್ತಿರ ನಿಂತಿರುತ್ತದೆ. ಬಾರ್ ಸ್ಟಾಕ್, ಅಂದರೆ ಕಚ್ಚಾ ಲೋಹದ ಸರಳುಗಳಿಗೆ ಮತ್ತು ಮಷಿನ್ ಮೇಲಿರುವ ಅರೆಬರೆ ಮಾಲಿಗೆ ಸುಮಾರು 3 ಲಕ್ಷ ಇಟ್ಟುಕೊಳ್ಳಿ. ಬಾರ್ ನಗದಿಗೇ ತರುತ್ತೀರಿ ಎಂದು ಹಿಡಿದಿದ್ದೇನೆ. ಈಗಿನ 27ಕ್ಕೆ ಈ 11 ಸೇರಿದರೆ 38 ಲಕ್ಷ, ಮಾರ್ಜಿನ್ ಕಳೆದು ಡಿಪಿ 28.5 ಲಕ್ಷ. ನನ್ನ ಅಭಿಪ್ರಾಯದಲ್ಲಿ 30 ಲಕ್ಷ ಕೇಳಿ. ಸೂತ್ರದ 36ರ ಒಳಗಿದೆ, ಆರ್ಡರಿಗೂ ಸಾಕು. 40 ಕೇಳಿ 25ಕ್ಕೆ ಇಳಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಒಂದು ಮಾತು ತಲೆಯಲ್ಲಿರಲಿ. 11 ಲಕ್ಷದ ಅಗತ್ಯಕ್ಕೆ ಬ್ಯಾಂಕ್ ಕೊಡುವುದು 8.25. ಉಳಿದ 2.75 ನಿಮ್ಮ ಜೇಬಿನದು. ಅದೂ ಮೊದಲೇ ಬೇಕು, ಏಕೆಂದರೆ ಮಾಲು ತಂದು, ಬಿಲ್ ಹಾಕಿ, ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ತೋರಿಸಿದ ಮೇಲೆಯೇ ಡಿಪಿ ಏರುವುದು.

ಆ ದುಡ್ಡು ನಿಮ್ಮ ಹತ್ತಿರವೇ ಇದೆ, ಹಳೆಯ 6 ಲಕ್ಷದ ಬಾಕಿಯಲ್ಲಿ! ಅದು ಈಗ ಡಿಪಿ ಲೆಕ್ಕದಲ್ಲೇ ಇಲ್ಲ. ಹಾಗಾಗಿ ವಸೂಲಾದರೆ ಡಿಪಿ ಒಂದು ರೂಪಾಯಿ ಕೂಡ ಇಳಿಯುವುದಿಲ್ಲ, ಪೂರ್ತಿ 6 ಲಕ್ಷ ಖಾತೆಯಲ್ಲಿ ನಿಮ್ಮ ಬಳಕೆಗೆ ಸಿಗುತ್ತದೆ. ಹೊಸ ಬಾಕಿ ವಸೂಲಾದಾಗ ಹೀಗಾಗುವುದಿಲ್ಲ, ಬಂದ ದುಡ್ಡಿನ ಮುಕ್ಕಾಲು ಪಾಲು ಡಿಪಿ ಇಳಿದಿರುತ್ತದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ದೂರು ಕೊಟ್ಟರೆ ಪಾರ್ಟಿ ಕೈಬಿಡಬಹುದೆಂಬ ಭಯ ಇರುತ್ತದೆ, ಗೊತ್ತು. ಆದರೂ ಬಿಲ್ ನಂಬರ್, ದಿನಾಂಕ ಹಾಕಿ ಒಂದು ಪತ್ರವನ್ನಾದರೂ ಕಳಿಸಿ. ಬ್ಯಾಂಕಿಗೆ ಅದರ ಪ್ರತಿ ತೋರಿಸಬಹುದು.

ಇನ್ನು ಆ ಮಷಿನ್. ನಾನು ಸಾಲದ ವಿಭಾಗದಲ್ಲಿದ್ದಾಗ ಬ್ಯಾಲೆನ್ಸ್ ಶೀಟ್ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಇದನ್ನೇ: ಯಂತ್ರೋಪಕರಣ ಜಾಸ್ತಿಯಾಗಿದೆ, ಟರ್ಮ್ ಲೋನ್ ಇಲ್ಲ, ಸಿಸಿ ತುಂಬಿದೆ. ಅಲ್ಲಿಗೆ ದುಡ್ಡು ಎಲ್ಲಿ ಹೋಯಿತು ಎಂದು ತಿಳಿಯುತ್ತಿತ್ತು. ಸಿಸಿ ಹಣ ಮೂರು ನಾಲ್ಕು ತಿಂಗಳಲ್ಲಿ ತಿರುಗಿ ಬರಬೇಕಾದ್ದು, ಮಷಿನ್ ದುಡ್ಡು ತಿರುಗಿ ಬರಲು ವರ್ಷಗಳು ಬೇಕು. ಲಿಮಿಟ್ ಯಾವಾಗಲೂ ತುಂಬಿರುವುದಕ್ಕೆ ಇದೂ ಒಂದು ಕಾರಣ. ಮುಚ್ಚಿಡಬೇಡಿ. ಇನ್‌ವಾಯ್ಸ್ ಇದ್ದರೆ ಈ 4 ಲಕ್ಷಕ್ಕೆ ಈಗ ಟರ್ಮ್ ಲೋನ್ ಕೊಡಬಹುದೇ ಎಂದು ಕೇಳಿ. ಖರೀದಿ ಹಳೆಯದಾದರೆ ಕೆಲವು ಬ್ಯಾಂಕ್ ಒಪ್ಪುವುದಿಲ್ಲ. ಆಗ ಲಾಭದಿಂದ ಹೇಗೆ ತುಂಬುತ್ತೀರಿ ಎಂದು ಹೇಳಿ.

ರಿಲೇಶನ್‌ಶಿಪ್ ಮ್ಯಾನೇಜರ್ ಮಂಜೂರು ಮಾಡುವವರಲ್ಲ. ಅವರು ಟಿಪ್ಪಣಿ ಬರೆದು ಮೇಲೆ ಕಳಿಸುತ್ತಾರೆ. ಆ ಟಿಪ್ಪಣಿಗೆ ಬೇಕಾದ ವಾಕ್ಯಗಳನ್ನು ನೀವೇ ಬರೆದುಕೊಟ್ಟರೆ ಅವರ ಕೆಲಸ ಹಗುರ. ಹೀಗೆ ಬರೆಯಬಹುದು:

*ಮಾನ್ಯರೇ, ನಮ್ಮ ಸಿಸಿ ಲಿಮಿಟ್ಟನ್ನು 20 ಲಕ್ಷದಿಂದ 30 ಲಕ್ಷಕ್ಕೆ ಏರಿಸಲು ಕೋರುತ್ತೇನೆ. ಜನವರಿಯಿಂದ ತಿಂಗಳಿಗೆ 4 ಲಕ್ಷದ ಹೊಸ ಆರ್ಡರ್ ಇದೆ, ಉದ್ರಿ 60 ದಿನ. ಪರ್ಚೇಸ್ ಆರ್ಡರ್ ಲಗತ್ತಿಸಿದ್ದೇನೆ. ಇದರಿಂದ ಡಿಪಿ 20.25 ಲಕ್ಷದಿಂದ 28.5 ಲಕ್ಷಕ್ಕೆ ಏರುತ್ತದೆ, ಲೆಕ್ಕ ಜೊತೆಗಿದೆ. ಮಾರ್ಜಿನ್ 2.75 ಲಕ್ಷವನ್ನು ಹಳೆಯ ಬಾಕಿಯ ವಸೂಲಿಯಿಂದ ತುಂಬುತ್ತೇನೆ. ಹೋದ ವರ್ಷ ಸಿಸಿಯಿಂದ ಮಷಿನ್ ಖರೀದಿಸಿದ್ದು ನಿಜ, ಅದಕ್ಕೆ ಟರ್ಮ್ ಲೋನ್ ಪರಿಗಣಿಸಿ.*

ಜೊತೆಗೆ ಆರು ತಿಂಗಳ ಜಿಎಸ್‌ಟಿ 3ಬಿ, ಬಾಕಿದಾರರ ವಯಸ್ಸುವಾರು ಪಟ್ಟಿ, ಸಿಎ ಮಾಡಿಕೊಟ್ಟ ಸಿಎಂಎ ಡೇಟಾ, ಅಂದರೆ ಹಿಂದಿನ ಮತ್ತು ಮುಂದಿನ ವರ್ಷಗಳ ಅಂದಾಜು ಲೆಕ್ಕ, ಇಡಿ. 3ಬಿಯ ಮಾರಾಟ ಮತ್ತು ಸಿಸಿ ಖಾತೆಗೆ ಬಂದ ಜಮೆ ಒಂದಕ್ಕೊಂದು ತಾಳೆಯಾಗಬೇಕು. ಬೇರೆ ಬ್ಯಾಂಕಿನ ಕರೆಂಟ್ ಅಕೌಂಟಿಗೆ ಕೆಲವು ಚೆಕ್ ಹಾಕುತ್ತಿದ್ದರೆ ಈಗಲೇ ನಿಲ್ಲಿಸಿ. ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅದೇ 14 ಲಕ್ಷ ನಕಲಾಗುತ್ತಿದ್ದರೆ ಅದನ್ನೂ ಸರಿಮಾಡಿ. ಬ್ಯಾಂಕಿನವರು ಶೆಡ್ಡಿಗೆ ಬಂದು ಬಾರ್ ಎಣಿಸಿದ ದಿನ ಲೆಕ್ಕ ತಪ್ಪಿದರೆ, ಲಿಮಿಟ್ ಏರುವುದಿರಲಿ, ಇರುವ ಡಿಪಿಯೇ ಇಳಿಯುತ್ತದೆ.

ಹೆಚ್ಚುವರಿ 10 ಲಕ್ಷಕ್ಕೆ ಅಡಮಾನ ಕೇಳಿದರೆ ಮನೆ ಪತ್ರ ತೆಗೆಯುವ ಮೊದಲು ಸರ್ಕಾರದ ಸಿಜಿಟಿಎಂಎಸ್‌ಇ ಗ್ಯಾರಂಟಿಯಲ್ಲಿ, ಅಂದರೆ ಅಡಮಾನವಿಲ್ಲದೆ, ಆಗುತ್ತದೆಯೇ ಎಂದು ವಿಚಾರಿಸಿ. ಅದಕ್ಕೆ ವರ್ಷಕ್ಕೊಮ್ಮೆ ಗ್ಯಾರಂಟಿ ಶುಲ್ಕ ಇದೆ. ಅರ್ಜಿಯನ್ನು ನವೆಂಬರ್ ಹೊತ್ತಿಗೇ ಕೊಟ್ಟುಬಿಡಿ, ಮೊದಲ ಬಾರ್ ಸ್ಟಾಕ್ ಡಿಸೆಂಬರ್ ಕೊನೆಗೆ ನಿಮ್ಮ ಶೆಡ್ಡಿನಲ್ಲಿ ಇರಬೇಕಲ್ವಾ.