ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿ

*ಸಂಪಾದಕರೇ, ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ತಾನೇ ಲೈಕ್, ಫಾಲೋ, ಕಾಮೆಂಟ್ ಮಾಡುವ ಆ್ಯಪ್ ಹಾಕಿದ್ದೆ. ಈಗ ಏನು ಒತ್ತಿದರೂ Try Again Later ಅಂತ ಬರುತ್ತಿದೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದು. ತೋಟ, ಕೊಟ್ಟಿಗೆ, ಅಡುಗೆಮನೆ ನೋಡಿಕೊಂಡು ಫೋನ್ ಹಿಡಿದು ಕೂರಲು ನಮಗೆಲ್ಲಿ ಪುರುಸೊತ್ತು?*
*– ಹೋಂಸ್ಟೇ ಮಾಲೀಕ*

ಪುರುಸೊತ್ತಿಲ್ಲ ಅನ್ನುವುದು ನಿಜ, ಒಪ್ಪಿದೆ. ಆದರೆ ಆ ಆ್ಯಪ್ ಹಾಕಿದ ದಿನ ಅದು ನಿಮ್ಮ ಪಾಸ್‌ವರ್ಡ್ ಕೇಳಿತ್ತಲ್ವಾ? ನನ್ನ ಸಿಟ್ಟು ಇರುವುದು ಅಲ್ಲಿ.

ಹೊರಗಿನ ಆ್ಯಪ್‌ಗಳಿಗೆ ಅಂತ ಇನ್‌ಸ್ಟಾಗ್ರಾಮ್ ತಾನೇ ಒಂದು ಅಧಿಕೃತ ದಾರಿ ಇಟ್ಟಿದೆ, ಅದಕ್ಕೆ ಎಪಿಐ ಅಂತಾರೆ. ಅದರ ಮೂಲಕ ಪೋಸ್ಟ್ ಹಾಕಬಹುದು, ನಿಮ್ಮ ಪೋಸ್ಟಿಗೆ ಬಂದ ಕಾಮೆಂಟಿಗೆ ಉತ್ತರ ಕೊಡಬಹುದು, ನಿಮಗೆ ಬರೆದವರಿಗೆ ಮೆಸೇಜ್ ಕಳಿಸಬಹುದು. ಯಾರನ್ನೋ ಫಾಲೋ ಮಾಡಲು, ಊರವರ ಫೋಟೋಗಳಿಗೆಲ್ಲ ಲೈಕ್ ಒತ್ತಲು ಅಲ್ಲಿ ದಾರಿಯೇ ಇಲ್ಲ. ಹಾಗಾದರೆ ನಿಮ್ಮ ಆ್ಯಪ್ ಅದನ್ನು ಹೇಗೆ ಮಾಡಿತು? ನಿಮ್ಮ ಪಾಸ್‌ವರ್ಡ್ ಹಾಕಿ, ಎಲ್ಲೋ ಇರುವ ಕಂಪ್ಯೂಟರಿನಿಂದ ನೀವೇ ಅಂತ ಒಳಗೆ ಹೋಗಿ ಮಾಡಿತು. ನೀವು ತೀರ್ಥಹಳ್ಳಿಯಲ್ಲಿ ಹಾಲು ಕರೆಯುತ್ತಿರುವಾಗ ನಿಮ್ಮ ಖಾತೆ ಇನ್ಯಾವುದೋ ಊರಿನಲ್ಲಿ ಕೂತು ಒಂದೇ ಸಮ ಲೈಕ್ ಒತ್ತುತ್ತಿರುತ್ತದೆ. ಹಗಲು ರಾತ್ರಿ ಅದೇ ವೇಗ, ನೂರಾರು ಜನರಿಗೆ ಅದೇ ಎರಡು ಪದದ ಕಾಮೆಂಟ್, ಫಾಲೋ ಮಾಡಿ ನಾಲ್ಕು ದಿನಕ್ಕೆ ಅನ್‌ಫಾಲೋ. ಇದನ್ನು ಹಿಡಿಯುವುದು ಕಂಪನಿಗೆ ಕಷ್ಟವೇನಲ್ಲ.

ಇದು ಹೊಸ ಕಾನೂನೂ ಅಲ್ಲ. ಇಂಥ ಆ್ಯಪ್‌ಗಳಿಂದ ಬಂದ ಲೈಕ್, ಫಾಲೋ, ಕಾಮೆಂಟುಗಳನ್ನು ಕಿತ್ತುಹಾಕುತ್ತೇವೆ ಅಂತ ಇನ್‌ಸ್ಟಾಗ್ರಾಮ್ 2018ರ ನವೆಂಬರಿನಲ್ಲೇ ಹೇಳಿತ್ತು, ಬಳಸಿದವರು ಪಾಸ್‌ವರ್ಡ್ ಬದಲಿಸಿ ಅಂತಲೂ ಹೇಳಿತ್ತು. ನಿಮಗೆ ಈಗ ಬಂದಿರುವುದು ಮೊದಲ ಮೆಟ್ಟಿಲಿನ ಶಿಕ್ಷೆ, ತಾತ್ಕಾಲಿಕ ತಡೆ. ಇದಕ್ಕೂ ಬಗ್ಗದಿದ್ದರೆ ನಿಮ್ಮ ಪೋಸ್ಟ್ ಹೊಸಬರಿಗೆ ಕಾಣುವುದು ನಿಲ್ಲಬಹುದು, ಕೊನೆಗೆ ಖಾತೆಯೇ ಹೋಗಬಹುದು. ಎಲ್ಲರೂ ಮಾಡುತ್ತಾರೆ ಅಂದಿರಿ. ಹೋದ ಖಾತೆಯವರು ಬಂದು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಆ ಕಾಮೆಂಟುಗಳ ಮೇಲೆ ನನಗೆ ಬೇರೆ ಕೋಪವೂ ಇದೆ. ನಮ್ಮ ಪತ್ರಿಕೆಯ ಪುಟದಲ್ಲಿ ಹಿರಿಯರೊಬ್ಬರ ನಿಧನದ ಸುದ್ದಿ ಹಾಕಿದರೆ ಕೆಳಗೆ ‘ಸೂಪರ್ ಫೋಟೋ, ನಮ್ಮ ಪೇಜಿಗೂ ಬನ್ನಿ’ ಅಂತ ಬಂದಿತ್ತು, ಜೊತೆಗೆ ಚಪ್ಪಾಳೆಯ ಚಿತ್ರ. ಹಾಕಿದವರು ಕೆಟ್ಟವರಲ್ಲ, ಅವರು ಅದನ್ನು ನೋಡಿಯೇ ಇರಲಿಲ್ಲ. ಆದರೆ ಮನೆಯವರು ನೋಡಿದರು.

ನಿಮಗೆ ಬೇಕಾದ ಆಟೊಮೇಷನ್ ಬೇರೆಯದು: ನೀವಾಗಿ ಯಾರ ಬಾಗಿಲನ್ನೂ ತಟ್ಟದೆ, ಬಂದವರಿಗೆ ಮಾತ್ರ ಉತ್ತರಿಸುವಂಥದ್ದು. ಮಳೆಗಾಲದಲ್ಲಿ ಅಂಗಳದ ರೀಲ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಕರೆಂಟು, ನೆಟ್‌ವರ್ಕ್ ಇದ್ದ ಹೊತ್ತಲ್ಲೇ ನಾಲ್ಕೈದು ರೀಲ್ ಇನ್‌ಸ್ಟಾಗ್ರಾಮ್ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್ ಅನ್ನುವ ಆ್ಯಪ್‌ನಲ್ಲಿ ಶೆಡ್ಯೂಲ್ ಮಾಡಿಟ್ಟರೆ ಅವು ಹೇಳಿದ ದಿನಕ್ಕೆ ತಾವೇ ಹೋಗುತ್ತವೆ. ಕೆಳಗೆ ಒಬ್ಬರು ‘ರೇಟ್ ಎಷ್ಟು?’ ಅಂತ ಕೇಳುತ್ತಾರೆ. ಆ ಪದ ಕಂಡಾಗ ಅವರಿಗೆ ಖಾಸಗಿಯಾಗಿ ಒಂದು ಮೆಸೇಜ್ ಹೋಗುವಂತೆ ಎಪಿಐ ಬಳಸುವ ಸೇವೆಗಳಲ್ಲಿ ಹೊಂದಿಸಬಹುದು. ಒಂದು ಕಾಮೆಂಟಿಗೆ ಒಂದೇ ಮೆಸೇಜ್, ಅದೂ 7 ದಿನದೊಳಗೆ. ಅದರಲ್ಲಿ ದರ, ಊಟ, ಕೊನೆಯ ಮಣ್ಣಿನ ರಸ್ತೆಗೆ ಎಂಥ ಕಾರು ಬರುತ್ತದೆ ಅನ್ನುವುದು, ಇಂಬಳ ಇದೆ ಅನ್ನುವುದೂ ಇರಲಿ. ಅವರು ತಿರುಗಿ ಬರೆದರೆ ಅಲ್ಲಿಂದ 24 ಗಂಟೆ ನಿಮ್ಮ ಸೇವೆ ಮಾತಾಡಬಹುದು. ‘ಆರು ವರ್ಷದ ಮಗು ಇದೆ, ಹಳ್ಳದ ಹತ್ತಿರ ಬಿಡಬಹುದಾ?’ ಅಂತ ಕೇಳಿದರೆ ಮಾತ್ರ ನೀವೇ ಉತ್ತರ ಕೊಡಿ.

ಸೇವೆ ಸರಿಯಾದದ್ದಾ ಅಂತ ತಿಳಿಯುವುದು ಸುಲಭ. ಸರಿಯಾದದ್ದು ನಿಮ್ಮನ್ನು ಇನ್‌ಸ್ಟಾಗ್ರಾಮ್‌ನದೇ ಪುಟಕ್ಕೆ ಕಳಿಸಿ, ಏನೇನು ಅನುಮತಿ ಬೇಕು ಅಂತ ಅಲ್ಲಿ ತೋರಿಸುತ್ತದೆ. ತನ್ನದೇ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಂಡರೆ ಮುಚ್ಚಿಬಿಡಿ.

ನಿಮ್ಮನ್ನೊಬ್ಬರನ್ನೇ ಬೈದು ಪ್ರಯೋಜನ ಇಲ್ಲ ಬಿಡಿ. ಈ ಲೆಕ್ಕದ ಹುಚ್ಚು ಹತ್ತಿಸಿದವರು ಬೇರೆಯವರು. ಹಪ್ಪಳ, ಉಪ್ಪಿನಕಾಯಿ ಮಾಡುವ ಹೆಂಗಸೊಬ್ಬರು ಮೇಳದಲ್ಲಿ ಸ್ಟಾಲ್ ಕೇಳಲು ಹೋದರೆ, ಸಂಘಟಕರು ಮೊದಲು ಕೇಳಿದ್ದು ಫಾಲೋವರ್ಸ್ ಎಷ್ಟು ಅಂತ. ಅಪ್ಪೆಮಿಡಿ ಯಾವ ಕಡೆಯದು ಅಂತ ಯಾರೂ ಕೇಳಲಿಲ್ಲವಂತೆ. ಹೀಗಾದರೆ ಜನ ಲೈಕ್ ಆ್ಯಪ್ ಹುಡುಕದೆ ಇನ್ನೇನು ಮಾಡುತ್ತಾರೆ?

ಸದ್ಯಕ್ಕೆ ಆ ಆ್ಯಪ್ ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. Apps and websites ಪಟ್ಟಿಯಲ್ಲಿ ಅದರ ಹೆಸರಿದ್ದರೆ ಅಲ್ಲಿಂದಲೂ ತೆಗೆಯಿರಿ. ಆಮೇಲೆ Account Status ನೋಡಿ, ಯಾವುದಕ್ಕೆ ತಡೆ ಇದೆ ಅಂತ ಅಲ್ಲಿ ಕಾಣುತ್ತದೆ. ತಡೆ ಇಳಿಯುವವರೆಗೆ ಮತ್ತೆ ಮತ್ತೆ ಲೈಕ್ ಒತ್ತಿ ಪರೀಕ್ಷೆ ಮಾಡಬೇಡಿ, ಸುಮ್ನೆ ಬಿಡಿ.