ಹಾಸನದಲ್ಲಿ ಬಾಡಿಗೆ ಕರಾರು: ಭಾನುವಾರ ಬೇಡ, ವಾರದ ದಿನ ಕೇಳಿ

"ಓನರ್ ಸಕಲೇಶಪುರದಲ್ಲಿದ್ದಾರೆ, ಭಾನುವಾರ ಹಾಸನಕ್ಕೆ ಬರ್ತೀನಿ, ಅವತ್ತೇ ಸೈನ್ ಮಾಡೋಣ ಅಂದ್ರು. ಸಾಕ್ಷಿಗೆ ಯಾರು, ಏನೇನು ರೆಡಿ ಇಟ್ಕೋಬೇಕು?"

ನೋಟರಿ ಮಾಡಿಸೋದಿದ್ದರೆ ಭಾನುವಾರ ಒಪ್ಪಬೇಡಿ. ನೋಟರಿ ಎದುರು ಇಬ್ಬರೂ ಸಹಿ ಹಾಕಬೇಕು, ರಜೆ ದಿನ ಅವರು ಸಿಗೋದು ಕಷ್ಟ. "ಸಾರ್, ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಆಗುತ್ತಾ? ಡ್ರಾಫ್ಟ್ ಸೋಮವಾರವೇ ವಾಟ್ಸಾಪ್ ಮಾಡ್ತೀನಿ" ಅಂತ ಫೋನ್ ಮಾಡಿ ಕೇಳಿ.

ಅದೇ ಫೋನಲ್ಲಿ ಮನೆ ಯಾರ ಹೆಸರಲ್ಲಿದೆ ಅಂತಲೂ ವಿಚಾರಿಸಿ. ಎಷ್ಟೋ ಕಡೆ ಮನೆ ತಾಯಿ ಹೆಸರಲ್ಲಿರುತ್ತೆ, ಮಾತಾಡೋದು ಮಗ. ಹಾಗಿದ್ದರೆ ತಾಯಿಯೇ ಬಂದು ಸಹಿ ಹಾಕಬೇಕು, ಇಲ್ಲವೇ ಮಗನ ಹತ್ತಿರ ಅಧಿಕಾರ ಪತ್ರ ಇರಬೇಕು. ಕಂದಾಯದ ರಸೀದಿಯ ಫೋಟೋ ಕಳಿಸಿ ಅಂದರೆ ಗೊತ್ತಾಗುತ್ತೆ. ಇದು ಇತ್ಯರ್ಥವಾದ ಮೇಲೆಯೇ ಇ-ಸ್ಟಾಂಪ್ ತೆಗೆಸಿ, ಯಾಕಂದ್ರೆ ಅದರಲ್ಲಿ ಎರಡೂ ಕಡೆಯವರ ಹೆಸರು ಅಚ್ಚಾಗುತ್ತೆ, ಆಮೇಲೆ ತಿದ್ದೋಕಾಗಲ್ಲ. ಆಧಾರ್‌ನಲ್ಲಿರೋ ಇನಿಷಿಯಲ್ ಸಹಿತ ಹಾಗೇ ಕೊಡಿ. ಮಂಗಳವಾರ ತೆಗೆಸಿ ಬುಧವಾರ ಸಹಿ ಹಾಕಿದರೆ ತೊಂದರೆಯಿಲ್ಲ. ಸ್ಟಾಂಪಿಗಿಂತ ಹಿಂದಿನ ತಾರೀಖು ಮಾತ್ರ ಕರಾರಿನಲ್ಲಿ ಇರಬಾರದು.

ಸಾಕ್ಷಿಗೆ ಹದಿನೆಂಟು ತುಂಬಿದ ಇಬ್ಬರು ಸಾಕು, ನಿಮ್ಮ ಕಡೆಯಿಂದೊಬ್ಬರು, ಅವರ ಕಡೆಯಿಂದೊಬ್ಬರು. ಊರಲ್ಲೇ ಇರೋ ಸಹೋದ್ಯೋಗಿ ಒಳ್ಳೆಯದು, ಮುಂದೆ ಬೇಕಾದಾಗ ಸಿಗ್ತಾರೆ. ನೀವಿಬ್ಬರೂ ಸಹಿ ಹಾಕೋದನ್ನ ಅವರು ಕಣ್ಣಾರೆ ನೋಡಬೇಕು, ಹಾಗಾಗಿ ಅದೇ ಸಮಯಕ್ಕೆ ಕರೆಸಿ. ಎಲ್ಲರೂ ಆಧಾರ್ ಅಸಲು, ಜೆರಾಕ್ಸ್ ತರಲಿ. ನಿಮ್ಮಿಬ್ಬರ ಫೋಟೋನೂ ಇರಲಿ.

ಅಡ್ವಾನ್ಸ್ ಬ್ಯಾಂಕ್ ಮೂಲಕ ಕಳಿಸಿ, ಆ ವಹಿವಾಟಿನ ಸಂಖ್ಯೆಯನ್ನ ಕರಾರಿನಲ್ಲೇ ಬರೆಸಿ. ಅವಧಿ ಹನ್ನೊಂದು ತಿಂಗಳು ತಾನೇ? ವರ್ಷ ದಾಟಿದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು, ಆಗ ನೋಟರಿ ಸಾಲದು.